ಪುಣೆಗೆ ಬರಲಾರೆ, ಕೆಲಸಕ್ಕೆ ಬರಬಲ್ಲೆ

ಹುಬ್ಬಳ್ಳಿಯಲ್ಲಿರುವ ಒಬ್ಬ ಟೆಸ್ಟ್ ಎಂಜಿನಿಯರ್‌ಗೆ ಲಿಂಕ್ಡ್‌ಇನ್‌ನಲ್ಲಿ ಒಂದು ಸಂದೇಶ ಬರುತ್ತದೆ ಎಂದಿಟ್ಟುಕೊಳ್ಳೋಣ. ಕಳಿಸಿದಾಕೆ ಒಬ್ಬ ರಿಕ್ರೂಟರ್. ಪುಣೆಯ ಹಿಂಜವಡಿಯಲ್ಲಿ ಕಾರಿನ ಇಸಿಯು, ಅಂದರೆ ಕಾರಿನೊಳಗಿನ ಎಲೆಕ್ಟ್ರಾನಿಕ್ ಪೆಟ್ಟಿಗೆಗಳ ಸಾಫ್ಟ್‌ವೇರ್ ಪರೀಕ್ಷಿಸುವ ಕೆಲಸವಿದೆ. ವಾರಕ್ಕೆ ಮೂರು ದಿನ ಆಫೀಸು. ಆಸಕ್ತಿ ಇದ್ದರೆ ರೆಸ್ಯೂಮೆ, ಈಗಿನ ಸಂಬಳ, ನಿರೀಕ್ಷೆಯ ಸಂಬಳ, ನೋಟಿಸ್ ಪೀರಿಯಡ್ ತಿಳಿಸಿ ಎಂದಿದೆ. ಕೆಲಸ ಅವಳ ಆರು ವರ್ಷದ ಅನುಭವಕ್ಕೆ ಅಳತೆ ತೆಗೆದು ಹೊಲಿದಂತಿದೆ. ಹೊಂದದೆ ಇರುವುದು ಊರು ಮಾತ್ರ. ಅತ್ತೆಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್, ಗಂಡನಿಗೆ ಧಾರವಾಡದ ಅನುದಾನಿತ ಕಾಲೇಜಿನಲ್ಲಿ ನೌಕರಿ. ಹುಬ್ಬಳ್ಳಿಯಿಂದ ಪುಣೆ ಸುಮಾರು 430 ಕಿಲೋಮೀಟರ್.

ಇಂಥ ಸಂದೇಶಕ್ಕೆ ಬಹುಪಾಲು ಜನ ಉತ್ತರವನ್ನೇ ಕೊಡುವುದಿಲ್ಲ. ಕೊಟ್ಟರೆ, ‘ಸಾರಿ, ಪುಣೆ ಆಗೋದಿಲ್ಲ’ ಎಂಬ ಒಂದು ಸಾಲು. ಮೂರನೆಯ ಬಗೆಯದು ಮನೆಯೊಳಗಿನ ಸಲಹೆ. ‘ಈಗ ಹೂಂ ಅಂದುಬಿಡು, ಮುಂದಿಂದು ಮುಂದ ನೋಡೋಣಂತ’ ಎನ್ನುತ್ತಾನೆ ಗಂಡ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ ಮಾತು. ಆಫರ್ ಕೈಗೆ ಬಂದ ಮೇಲೆ ನಮ್ಮ ಮಾತಿಗೆ ತೂಕ ಬರುತ್ತದೆ, ಆಗ ಊರಿನ ವಿಷಯ ಎತ್ತಿದರಾಯಿತು ಎಂಬ ಲೆಕ್ಕಾಚಾರ ಅದರ ಹಿಂದಿದೆ.

ಆ ಲೆಕ್ಕ ಯಾಕೆ ತಪ್ಪುತ್ತದೆ ಎಂದು ತಿಳಿಯಲು ಆ ಬದಿಯಲ್ಲಿ ಏನು ನಡೆಯುತ್ತಿದೆ ಎಂದು ನೋಡಬೇಕು. ಕಂಪನಿಯಲ್ಲಿ ಒಂದು ಹುದ್ದೆ ತೆರೆಯುವುದೆಂದರೆ ಒಂದು ಮಂಜೂರಾತಿ. ಯಾವ ತಂಡ, ಯಾವ ದರ್ಜೆ, ಎಷ್ಟು ಬಜೆಟ್, ಯಾವ ಊರು, ಎಲ್ಲವೂ ಅದರಲ್ಲಿ ನಮೂದಾಗಿ, ಹಣಕಾಸು ವಿಭಾಗ ಒಪ್ಪಿಗೆ ಕೊಟ್ಟ ಮೇಲೆ ಅದಕ್ಕೊಂದು ಸಂಖ್ಯೆ ಬೀಳುತ್ತದೆ. ರಿಕ್ರೂಟರ್ ಆ ಸಂಖ್ಯೆಗೆ ಆಳು ಹುಡುಕುವವಳು. ಊರನ್ನು ಬದಲಿಸುವ ಅಧಿಕಾರ ಅವಳಿಗಿಲ್ಲ. ಅಷ್ಟಿಷ್ಟು ಇರುವುದು ಹೈರಿಂಗ್ ಮ್ಯಾನೇಜರ್‌ಗೆ, ಅಂದರೆ ಆಳು ಬೇಕಾಗಿರುವ ತಂಡದ ಮುಖ್ಯಸ್ಥನಿಗೆ. ಅವನೂ ಹುದ್ದೆ ತೆರೆದ ಹೊಸದರಲ್ಲಿ ಅಥವಾ ತಿಂಗಳುಗಟ್ಟಲೆ ಯಾರೂ ಸಿಗದೆ ಬೇಸತ್ತಾಗ ಬಗ್ಗಬಲ್ಲ. ಮೂರು ಸುತ್ತು ಸಂದರ್ಶನ ಮುಗಿದು, ಸಂಬಳ ಕುದುರಿ, ಪುಣೆಯ ವಿಳಾಸದ ಆಫರ್ ಅಚ್ಚಾದ ಮೇಲೆ ‘ನಾನು ಬರಲಾರೆ’ ಎಂದರೆ ಅವನು ಮತ್ತೆ ಮೇಲಿನವರ ಬಳಿಗೆ ಹೋಗಬೇಕು. ಅಷ್ಟು ಹೊತ್ತಿಗೆ ಅವನಿಗೆ ಬಂದಿರುವುದು ಸಿಟ್ಟು. ನಿಮ್ಮ ಮಾತಿಗೆ ತೂಕ ಬಂದಿರುವುದಿಲ್ಲ, ನಂಬಿಕೆ ಹೋಗಿರುತ್ತದೆ. ಅಭ್ಯರ್ಥಿಗಳ ದಾಖಲೆ ಇಡುವ ತಂತ್ರಾಂಶದಲ್ಲಿ ನಿಮ್ಮ ಹೆಸರಿನ ಮುಂದೆ ಆ ಟಿಪ್ಪಣಿ ಉಳಿಯುತ್ತದೆ. ಎರಡು ವರ್ಷದ ಮೇಲೆ ಅದೇ ಕಂಪನಿ ಹುಬ್ಬಳ್ಳಿಯವರನ್ನು ಹುಡುಕಿದರೂ ಮೊದಲು ಕಣ್ಣಿಗೆ ಬೀಳುವುದು ಅದೇ.

ಸುಮ್ಮನಿರುವುದರಿಂದ ಇಂಥ ನಷ್ಟವೇನೂ ಇಲ್ಲ, ಲಾಭವೂ ಇಲ್ಲ. ಲಿಂಕ್ಡ್‌ಇನ್‌ನ ಒಂದು ಸಣ್ಣ ಒಳಸಂಗತಿ ಮಾತ್ರ ಹೇಳಿಬಿಡುತ್ತೇನೆ. ಪರಿಚಯವಿಲ್ಲದವರಿಗೆ ಬರೆಯಲು ರಿಕ್ರೂಟರ್‌ಗಳು ಬಳಸುವ ಇನ್‌ಮೇಲ್ ಹಣ ಕೊಟ್ಟು ಪಡೆದದ್ದು, ತಿಂಗಳಿಗೆ ಇಷ್ಟೇ ಎಂದು ಲೆಕ್ಕವಿರುತ್ತದೆ. 90 ದಿನದೊಳಗೆ ನೀವು ಉತ್ತರಿಸಿದರೆ, ಅದು ‘ಬೇಡ’ ಎಂಬ ಉತ್ತರವಾದರೂ, ಆ ಒಂದು ಇನ್‌ಮೇಲ್ ಅವರ ಖಾತೆಗೆ ಮರಳುತ್ತದೆ. ಸುಮ್ಮನಿದ್ದರೆ ಹೋದದ್ದು ಹೋಯಿತು. ಹಾಗಾಗಿ ನಿಮ್ಮ ‘ಬೇಡ’ ಕೂಡ ಆಕೆಗೆ ಒಂದು ಉಪಕಾರವೇ.

ಉತ್ತರ ಬರೆಯುವ ಮುನ್ನ ತಿಳಿಯಬೇಕಾದದ್ದು, ಬರೆದವಳು ಕಂಪನಿಯ ಒಳಗಿನವಳೋ, ಕನ್ಸಲ್ಟೆನ್ಸಿಯವಳೋ ಎಂಬುದು. ಆಕೆಯ ಪ್ರೊಫೈಲಿನಲ್ಲಿ ಈಗಿನ ಉದ್ಯೋಗ ಏನೆಂದಿದೆ, ಮೇಲ್ ಯಾವ ವಿಳಾಸದಿಂದ ಬಂದಿದೆ ಎಂದು ನೋಡಿದರೆ ಗೊತ್ತಾಗುತ್ತದೆ. ಒಳಗಿನವಳಾದರೆ ತನ್ನ ಕಂಪನಿಯ ಬೇರೆ ಹುದ್ದೆಗಳನ್ನಷ್ಟೇ ತೋರಿಸಬಲ್ಲಳು, ಆದರೆ ಹೈರಿಂಗ್ ಮ್ಯಾನೇಜರ್ ಅವಳಿಗೆ ಒಂದು ಫೋನ್ ದೂರದಲ್ಲಿರುತ್ತಾನೆ. ಕನ್ಸಲ್ಟೆನ್ಸಿಯವಳಾದರೆ ಆಳು ಕೆಲಸಕ್ಕೆ ಸೇರಿದ ಮೇಲೆಯೇ ಅವರಿಗೆ ಹಣ. ವಾರ್ಷಿಕ ಸಂಬಳದ 8.33 ಶೇಕಡಾ, ಅಂದರೆ ಸರಿಯಾಗಿ ಒಂದು ತಿಂಗಳ ಸಂಬಳ, ಈ ವ್ಯವಹಾರದಲ್ಲಿ ಬಹಳ ಕಾಲದಿಂದ ಓಡುತ್ತಿರುವ ದರ. ಸೇರಿದವರು ಕೆಲವು ತಿಂಗಳೊಳಗೆ ಬಿಟ್ಟುಹೋದರೆ ಬೇರೆಯವರನ್ನು ಪುಕ್ಕಟೆ ಹುಡುಕಿಕೊಡಬೇಕು ಎಂಬ ಷರತ್ತೂ ಸಾಮಾನ್ಯವಾಗಿ ಇರುತ್ತದೆ. ಹೀಗಾಗಿ ಮನಸ್ಸಿಲ್ಲದೆ ಪುಣೆಗೆ ಬಂದು ಮೂರನೆಯ ತಿಂಗಳಿಗೆ ವಾಪಸ್ ಹೋಗುವವಳು ಆಕೆಗೂ ಬೇಡ. ಆದರೆ ಕನ್ಸಲ್ಟೆನ್ಸಿಯ ಕೈಯಲ್ಲಿ ಹತ್ತಾರು ಕಂಪನಿಗಳಿರುತ್ತವೆ. ‘ಈ ಹುದ್ದೆ ಆಗದಿದ್ದರೆ ಮನೆಯಿಂದ ಮಾಡುವ, ಇಲ್ಲವೇ ಹುಬ್ಬಳ್ಳಿ, ಬೆಳಗಾವಿ ಕಡೆಯ ಕೆಲಸ ಬಂದರೆ ತಿಳಿಸಿ’ ಎಂಬ ಸಾಲು ಅಲ್ಲಿ ಕೆಲಸ ಮಾಡುತ್ತದೆ.

ಕನ್ಸಲ್ಟೆನ್ಸಿಗೆ ರೆಸ್ಯೂಮೆ ಕೊಡುವ ಮೊದಲು ಅದು ಯಾವ ಕಂಪನಿಗೆ ಹೋಗುತ್ತದೆ ಎಂದು ಕೇಳಿಕೊಳ್ಳಬೇಕು. ಒಬ್ಬರು ಒಂದು ಕಂಪನಿಗೆ ನಿಮ್ಮ ಹೆಸರು ಸೇರಿಸಿದರೆ, ಮುಂದೆ ಹಲವು ತಿಂಗಳು ನೀವು ಅವರ ಮೂಲಕ ಬಂದವರೆಂದೇ ಅಲ್ಲಿ ದಾಖಲೆ. ಆಮೇಲೆ ನೀವೇ ನೇರವಾಗಿ ಅರ್ಜಿ ಹಾಕಿದರೆ ಕಮಿಷನ್ ಯಾರಿಗೆ ಎಂಬ ತಕರಾರು ಎದ್ದು, ಕಂಪನಿ ನಿಮ್ಮ ಅರ್ಜಿಯನ್ನೇ ಪಕ್ಕಕ್ಕಿಟ್ಟುಬಿಡಬಹುದು.

ಇನ್ನು ಜಾಬ್ ಡಿಸ್ಕ್ರಿಪ್ಷನ್. ಪರ್ಯಾಯ ಸೂಚಿಸಲು ಸಾಧ್ಯವೇ ಎಂಬುದು ಅದರಲ್ಲೇ ಇರುತ್ತದೆ, ಸಾಲು ಸಾಲಾಗಿ ಓದಬೇಕಷ್ಟೆ. ನಮ್ಮ ಎಂಜಿನಿಯರ್‌ಗೆ ಬಂದದ್ದರಲ್ಲಿ ಎಂಟು ಸಾಲುಗಳಿವೆ ಎನ್ನೋಣ. ಗ್ರಾಹಕರ ಬೇಡಿಕೆಪಟ್ಟಿ ಓದಿ ಪರಿಶೀಲಿಸುವುದು, ಟೆಸ್ಟ್ ಕೇಸ್ ಬರೆಯುವುದು, ಅವನ್ನು ತಾನೇ ಓಡುವಂತೆ ಸ್ಕ್ರಿಪ್ಟ್ ಮಾಡುವುದು, ಓಡಿದ ಮೇಲೆ ಲಾಗ್ ನೋಡಿ ತಪ್ಪು ಹುಡುಕುವುದು, ಜಿರಾದಲ್ಲಿ ದಾಖಲಿಸುವುದು: ಈ ಐದಕ್ಕೆ ಬೇಕಾದದ್ದು ಲ್ಯಾಪ್‌ಟಾಪು ಮತ್ತು ಕಂಪನಿಯ ನೆಟ್‌ವರ್ಕಿಗೆ ಸುರಕ್ಷಿತ ದಾರಿ. ಉಳಿದ ಮೂರು ಬೇರೆ. ಬೆಂಚ್ ಮೇಲೆ ಟೆಸ್ಟ್ ಓಡಿಸುವುದು, ಬೆಂಚಿನ ವೈರಿಂಗ್ ಸಿದ್ಧಪಡಿಸುವುದು, ಕೊನೆಗೆ ಕಾರಿನಲ್ಲೇ ಕೂತು ಪರೀಕ್ಷಿಸುವುದು. ಬೆಂಚ್ ಎಂದರೆ ಎಚ್‌ಐಎಲ್ ಬೆಂಚ್. ಕಾರಿನ ಉಳಿದ ಭಾಗಗಳೆಲ್ಲ ಇವೆ ಎಂದು ಇಸಿಯುವನ್ನು ನಂಬಿಸುವ, ಬೀರುವಿನಷ್ಟೆತ್ತರದ ಒಂದು ಯಂತ್ರ. ಪರೀಕ್ಷೆಯಲ್ಲಿರುವ ಇಸಿಯು ಇನ್ನೂ ಮಾರುಕಟ್ಟೆಗೆ ಬಾರದ ಕಾರಿನದಾಗಿರುತ್ತದೆ, ಹಾಗಾಗಿ ಅದು ಲ್ಯಾಬ್ ಬಿಟ್ಟು ಹೊರಗೆ ಹೋಗುವಂತಿಲ್ಲ.

ಇಲ್ಲೊಂದು ನಡುದಾರಿ ಇದೆ, ಈ ಕೆಲಸ ಗೊತ್ತಿದ್ದವರಿಗೆ ಮಾತ್ರ ಹೊಳೆಯುವಂಥದ್ದು. ಬೆಂಚಿಗೆ ಜೋಡಿಸಿದ ಕಂಪ್ಯೂಟರಿಗೆ ದೂರದಿಂದಲೇ ಲಾಗಿನ್ ಆಗಿ ರಾತ್ರಿಯಿಡೀ ಟೆಸ್ಟ್ ಓಡಿಸಲು ಬರುತ್ತದೆ, ಹಲವು ತಂಡಗಳು ಹಾಗೆ ಮಾಡುತ್ತವೆ. ತೊಡಕು ಬರುವುದು ಇಸಿಯು ಸ್ತಬ್ಧವಾದಾಗ, ಕನೆಕ್ಟರ್ ಸಡಿಲವಾದಾಗ, ಹೊಸ ಸಾಫ್ಟ್‌ವೇರ್ ತುಂಬಿಸುವಾಗ ಅರ್ಧಕ್ಕೆ ನಿಂತಾಗ. ಆಗ ಪವರ್ ಆರಿಸಿ ಹಾಕಲು, ವೈರು ಒತ್ತಿ ಕೂರಿಸಲು ಅಲ್ಲೊಂದು ಕೈ ಬೇಕು. ಹಾಗಾಗಿ ‘ಬೆಂಚನ್ನೂ ಮನೆಯಿಂದಲೇ ನೋಡಿಕೊಳ್ಳುತ್ತೇನೆ’ ಎಂದು ಬರೆದರೆ ಮ್ಯಾನೇಜರ್ ಅಲ್ಲೇ ನಗುತ್ತಾನೆ. ‘ಹೊಸ ಸಾಫ್ಟ್‌ವೇರ್ ಬಿಡುಗಡೆಯಾಗುವ ವಾರ ಲ್ಯಾಬಿನಲ್ಲಿರುತ್ತೇನೆ, ಉಳಿದ ವಾರ ಸ್ಕ್ರಿಪ್ಟು, ಲಾಗು, ದೂರದ ಟೆಸ್ಟು’ ಎಂದರೆ ಅವನು ತನ್ನ ತಂಡದ ವೇಳಾಪಟ್ಟಿ ತೆಗೆದು ನೋಡುತ್ತಾನೆ.

ಎಂಟರಲ್ಲಿ ಏಳು ಸಾಲು ಬೆಂಚು, ವೈರು, ಕಾರು ಎಂದೇ ಇದ್ದರೆ ಪರ್ಯಾಯದ ಮಾತೇ ಬೇಡ. ಚಾಕಣದ ಕಾರ್ಖಾನೆಯಲ್ಲಿ ಪಾಳಿಯ ಮೇಲೆ ಗುಣಮಟ್ಟ ನೋಡುವ ಕೆಲಸಕ್ಕೆ ‘ಹೈಬ್ರಿಡ್ ಆಗಬಹುದೇ’ ಎಂದು ಕೇಳುವುದು ಓದದೆ ಉತ್ತರಿಸಿದ್ದೇನೆ ಎಂದು ಒಪ್ಪಿಕೊಂಡಂತೆ. ಅಲ್ಲಿ ಚೊಕ್ಕವಾದ ನಿರಾಕರಣೆಯೇ ಸರಿ. ಹಾಗೆಯೇ, ಕೆಲವು ಐಟಿ ಯೋಜನೆಗಳಲ್ಲಿ ಗ್ರಾಹಕ ಕಂಪನಿಯೇ ‘ಈ ಕಟ್ಟಡದ ಈ ಅಂತಸ್ತಿನಲ್ಲಿ ಕೂತೇ ಕೆಲಸವಾಗಬೇಕು’ ಎಂದು ಕರಾರು ಬರೆಸಿರುತ್ತದೆ. ಬ್ಯಾಂಕುಗಳ ಕೆಲಸದಲ್ಲಿ ಇದು ಹೆಚ್ಚು. ಅಲ್ಲಿ ಮ್ಯಾನೇಜರ್ ಮನಸ್ಸು ಮಾಡಿದರೂ ನಡೆಯದು.

ಕಂಪನಿಯ ಕರಿಯರ್ಸ್ ಪುಟವನ್ನೂ ಒಮ್ಮೆ ತೆರೆದು ನೋಡಬೇಕು. ಅದೇ ಹುದ್ದೆ ಬೆಂಗಳೂರಿನ ಹೆಸರಿನಲ್ಲೂ ಇರಬಹುದು. ನಮ್ಮ ಎಂಜಿನಿಯರ್ ಬೆಂಗಳೂರಿಗೂ ಹೋಗಲಾರಳು, ಸರಿ. ಆದರೂ ಕಂಪನಿಗೆ ಕರ್ನಾಟಕದಲ್ಲಿ ಒಂದು ಆಫೀಸು ಇದೆ ಎಂಬುದೇ ಅವಳಿಗೆ ದೊಡ್ಡ ಅನುಕೂಲ. ಮನೆಯಿಂದ ಕೆಲಸ ಮಾಡುವವರ ವೃತ್ತಿ ತೆರಿಗೆ ಅವರು ಕೆಲಸ ಮಾಡುವ ರಾಜ್ಯಕ್ಕೆ ಸಲ್ಲಬೇಕು, ಅದಕ್ಕೆ ಕಂಪನಿ ಆ ರಾಜ್ಯದಲ್ಲಿ ನೋಂದಣಿ ಮಾಡಿಸಿರಬೇಕು. ಪಿಎಫ್ ಕೇಂದ್ರದ್ದು, ಅದಕ್ಕೆ ರಾಜ್ಯದ ಗಡಿಯಿಲ್ಲ. ಬರೀ ಪುಣೆಯಲ್ಲಿರುವ ಕಂಪನಿಯ ಎಚ್‌ಆರ್ ವಿಭಾಗ ಒಬ್ಬಳಿಗೋಸ್ಕರ ಕರ್ನಾಟಕದ ಕಾಗದಪತ್ರ ಶುರುಮಾಡಲು ಹಿಂಜರಿಯುತ್ತದೆ. ‘ದೂರದಿಂದ ಕೆಲಸಕ್ಕೆ ನಮ್ಮಲ್ಲಿ ಪಾಲಿಸಿ ಇಲ್ಲ’ ಎಂಬ ಉತ್ತರದ ಹಿಂದೆ ಎಷ್ಟೋ ಸಲ ಇರುವುದು ಇದೇ. ಬೆಂಗಳೂರಿನಲ್ಲಿ ಶಾಖೆ ಇದ್ದರೆ ಆ ನೋಂದಣಿ ಆಗಿಯೇ ಇರುತ್ತದೆ, ಹೆಸರನ್ನು ಅಲ್ಲಿಯ ಪಟ್ಟಿಗೆ ಸೇರಿಸಿದರಾಯಿತು.

ಇಷ್ಟಾದ ಮೇಲೆ ಉತ್ತರ. ರಿಕ್ರೂಟರ್ ಇದನ್ನು ತನ್ನ ಮಾತಿನಲ್ಲಿ ತಿದ್ದಿ ಬರೆಯುವುದಿಲ್ಲ, ಅಷ್ಟು ಪುರಸೊತ್ತಿಲ್ಲ. ಇಷ್ಟವಾದರೆ ಕಾಪಿ ಮಾಡಿ ಮ್ಯಾನೇಜರ್‌ಗೆ ಕಳಿಸುತ್ತಾಳೆ. ಹಾಗಾಗಿ ಇದನ್ನು ಓದುವವನು ಮ್ಯಾನೇಜರ್ ಎಂದೇ ಭಾವಿಸಿ ಬರೆಯಬೇಕು. ಪತ್ರ ಹೋಗುವುದು ಇಂಗ್ಲಿಷಿನಲ್ಲಿ, ಅದರ ಒಡಲು ಹೀಗಿರಬಹುದು:

‘ನಮಸ್ಕಾರ. ಪುಣೆಯ ಇಸಿಯು ಟೆಸ್ಟಿಂಗ್ ಹುದ್ದೆಯ ಬಗ್ಗೆ ಬರೆದದ್ದಕ್ಕೆ ಧನ್ಯವಾದ. ಕೆಲಸ ನನ್ನ ಅನುಭವಕ್ಕೆ ಹೊಂದುತ್ತದೆ: ಆರು ವರ್ಷ ಇಸಿಯು ಟೆಸ್ಟಿಂಗ್, ಅದರಲ್ಲಿ ಎರಡು ವರ್ಷ ಎಚ್‌ಐಎಲ್ ಬೆಂಚ್, CANoe ಮತ್ತು CAPL ಸ್ಕ್ರಿಪ್ಟಿಂಗ್.

ಕುಟುಂಬದ ಕಾರಣದಿಂದ ಮುಂದಿನ ಎರಡು ವರ್ಷ ನಾನು ಹುಬ್ಬಳ್ಳಿ ಬಿಟ್ಟು ಬರಲಾರೆ. ವಾರಕ್ಕೆ ಮೂರು ದಿನ ಪುಣೆಯ ಆಫೀಸಿಗೆ ಬರುವುದು ಸಾಧ್ಯವಿಲ್ಲ.

ಆದರೆ ಸೇರಿದ ಮೊದಲ ಎರಡು ವಾರ ಮತ್ತು ಆಮೇಲೆ ಪ್ರತಿ ತಿಂಗಳು ಒಂದು ವಾರ, ನಿಮ್ಮ ರಿಲೀಸ್‌ಗೆ ಅನುಗುಣವಾಗಿ, ಪುಣೆಯ ಲ್ಯಾಬಿನಲ್ಲಿರಬಲ್ಲೆ. ಟೆಸ್ಟ್ ಕೇಸ್, ಸ್ಕ್ರಿಪ್ಟ್, ಲಾಗ್ ವಿಶ್ಲೇಷಣೆ ಹುಬ್ಬಳ್ಳಿಯಿಂದ. ನಿಮಗೆ ಬೆಂಗಳೂರಿನಲ್ಲಿ ಆಫೀಸು ಇರುವುದರಿಂದ ಹೆಸರನ್ನು ಅಲ್ಲಿಗೆ ಸೇರಿಸಬಹುದೇ ಎಂದು ಪರಿಶೀಲಿಸಬಹುದು. ಇದು ಆಗದಿದ್ದರೆ, ಬರೀ ಆಟೊಮೇಷನ್ ಭಾಗವನ್ನು ಆರು ತಿಂಗಳ ಗುತ್ತಿಗೆಯ ಮೇಲೆ ಮಾಡಲೂ ಸಿದ್ಧ.

ಹೈರಿಂಗ್ ಮ್ಯಾನೇಜರ್ ಬಳಿ ಇದನ್ನು ಕೇಳಿ ನೋಡುವಿರಾ? ಅವರು ಮಾತಾಡಲು ಬಯಸಿದರೆ ಸಂಜೆ ಆರರ ಮೇಲೆ ಯಾವ ದಿನವಾದರೂ ಸರಿ.’

ಇದರಲ್ಲಿ ಇಲ್ಲದ ಸಂಗತಿಗಳನ್ನೂ ಗಮನಿಸಿ. ಡಯಾಲಿಸಿಸ್ ಮಾತಿಲ್ಲ. ಕಾರಣ ವಿವರಿಸಿದಷ್ಟೂ ಅದು ಚರ್ಚೆಯ ವಸ್ತುವಾಗುತ್ತದೆ. ‘ಪುಣೆಯಲ್ಲೂ ಒಳ್ಳೇ ಆಸ್ಪತ್ರೆಗಳಿವೆಯಲ್ಲ ಮೇಡಂ’ ಎಂದು ಆಕೆ ಹೇಳಿದರೆ ಉತ್ತರ ಕೊಡುತ್ತಾ ಕೂರಬೇಕು. ‘ಕುಟುಂಬದ ಕಾರಣ, ಎರಡು ವರ್ಷ’ ಎಂದರೆ ಸಾಕು. ಅವಧಿ ಮಾತ್ರ ಹೇಳಲೇಬೇಕು. ಮಗಳ ಪಿಯುಸಿ ಮಾರ್ಚಿಗೆ ಮುಗಿಯುತ್ತದೆ ಎಂಬಂಥ ಕಾರಣವಾದರೆ ಆ ತಿಂಗಳನ್ನೇ ಬರೆಯುವುದು ಒಳಿತು, ಏಕೆಂದರೆ ಆಗ ‘ಬರಲಾರೆ’ ಎಂಬುದು ‘ಜೂನ್‌ನಿಂದ ಬರಬಲ್ಲೆ’ ಎಂದಾಗುತ್ತದೆ. ಸಂಬಳದ ಮಾತೂ ಇಲ್ಲ. ಊರು ಬಿಡದಿರುವುದಕ್ಕೆ ಬದಲಾಗಿ ಕಡಿಮೆ ಸಂಬಳಕ್ಕೆ ಒಪ್ಪುತ್ತೇನೆ ಎಂದು ತಾನಾಗಿಯೇ ಬರೆಯುವವರಿದ್ದಾರೆ. ಕೇಳುವ ಮೊದಲೇ ಕೊಟ್ಟರೆ ಮುಂದೆ ಕೊಡಲು ಏನೂ ಉಳಿಯುವುದಿಲ್ಲ. ಇನ್ನು ಪರ್ಯಾಯಗಳು ಎರಡೇ. ಐದಾರು ಪಟ್ಟಿ ಮಾಡಿದರೆ ಓದುವವನು ಯಾವುದನ್ನೂ ಹಿಡಿಯುವುದಿಲ್ಲ. ಮೊದಲನೆಯದು ನಿಮಗೆ ನಿಜವಾಗಿ ಬೇಕಾದದ್ದು, ಎರಡನೆಯದು ಅವರಿಗೆ ಸುಲಭವಾದದ್ದು.

ತಿಂಗಳಿಗೆ ಒಂದು ವಾರ ಎಂದು ಬರೆಯುವ ಮುನ್ನ ಅದು ನಡೆಯುವ ಮಾತೇ ಎಂದು ಮನೆಯಲ್ಲಿ ಕೂತು ಲೆಕ್ಕ ಹಾಕಬೇಕು. 2024ರ ಸೆಪ್ಟೆಂಬರ್‌ನಿಂದ ಹುಬ್ಬಳ್ಳಿ–ಪುಣೆ ವಂದೇ ಭಾರತ್ ರೈಲು ಓಡುತ್ತಿದೆ, ಆದರೆ ದಿನವೂ ಇಲ್ಲ. ರಾತ್ರಿ ಬಸ್ಸು ದಿನವೂ ಉಂಟು, ಭಾನುವಾರ ರಾತ್ರಿ ಹತ್ತಿದರೆ ಸೋಮವಾರ ಬೆಳಿಗ್ಗೆ ಪುಣೆ. ಆ ವಾರದ ಮೂರು ಡಯಾಲಿಸಿಸ್‌ಗೆ ಅತ್ತೆಯನ್ನು ಯಾರು ಕರೆದೊಯ್ಯುತ್ತಾರೆ? ಗಂಡನಿಗೆ ಎರಡು ದಿನ ಆಗುತ್ತದೆ, ಮೂರನೆಯದಕ್ಕೆ ನಾದಿನಿ ಬೆಳಗಾವಿಯಿಂದ ಬರುತ್ತಾಳೆ ಎಂದು ಹೊಂದಿಸಿಕೊಂಡ ಮೇಲೆಯೇ ಆ ಸಾಲು ಬರೆಯಬೇಕು.

ಪುಣೆಯಲ್ಲೇ ಇರುವ ಹಳೆಯ ಸಹೋದ್ಯೋಗಿಯ ಹೆಸರು ಸೂಚಿಸುವುದು ಇನ್ನೊಂದು ಬಗೆಯ ಪರ್ಯಾಯ. ರಿಕ್ರೂಟರ್‌ಗಳಿಗೆ ಇದು ಬಹಳ ಇಷ್ಟ. ಆದರೆ ಇದೇ ಪತ್ರದಲ್ಲಿ ಅದನ್ನು ಸೇರಿಸಿದರೆ ಆಕೆ ನಿಮ್ಮ ಪ್ರಸ್ತಾಪ ಬಿಟ್ಟು ಸೀದಾ ಅವರ ಬೆನ್ನು ಹತ್ತುತ್ತಾಳೆ. ಪ್ರಸ್ತಾಪಕ್ಕೆ ‘ಆಗೋದಿಲ್ಲ’ ಎಂಬ ಉತ್ತರ ಬಂದ ಮೇಲೆ ಹೇಳಿದರೆ ಸಾಕು, ಅದೂ ಸಹೋದ್ಯೋಗಿಯನ್ನು ಕೇಳಿಕೊಂಡು. ಅವರು ಕೆಲಸ ಹುಡುಕುತ್ತಿರುವ ಸುದ್ದಿ ಈಗಿನ ಕಂಪನಿಗೆ ಮುಟ್ಟಿದರೆ ತೊಂದರೆ ಅವರಿಗೆ.

ಮರುಉತ್ತರಗಳನ್ನು ಓದುವುದಕ್ಕೂ ಸ್ವಲ್ಪ ಅಭ್ಯಾಸ ಬೇಕು. ‘ಕ್ಲೈಂಟ್ ಲೊಕೇಶನ್ ಬಗ್ಗೆ ಸ್ಟ್ರಿಕ್ಟ್ ಇದ್ದಾರೆ’ ಎಂದರೆ ಬಾಗಿಲು ಮುಚ್ಚಿತು, ಧನ್ಯವಾದ ಹೇಳಿ ಮುಗಿಸಬೇಕು. ‘ಕೇಳಿ ಹೇಳುತ್ತೇನೆ’ ಎಂದು ವಾರ ಕಳೆದರೆ ಒಂದೇ ಒಂದು ಸಾಲು ನೆನಪಿಸಬಹುದು, ಎರಡನೆಯ ಸಲ ಬೇಡ. ಅಪಾಯದ್ದು ಮೂರನೆಯ ಬಗೆ, ಅದು ಸಾಮಾನ್ಯವಾಗಿ ಫೋನಿನಲ್ಲಿ ಬರುತ್ತದೆ: ‘ಮೊದಲ ಮೂರು ತಿಂಗಳು ಬನ್ನಿ ಮೇಡಂ, ಆಮೇಲೆ ಮ್ಯಾನೇಜರ್ ಹತ್ರ ಮಾತಾಡಿಕೊಂಡು ಮನೆಯಿಂದಲೇ ಮಾಡಬಹುದು, ಎಲ್ಲರೂ ಹಾಗೇ ಮಾಡ್ತಾರೆ.’ ಆಕೆ ಸುಳ್ಳು ಹೇಳುತ್ತಿದ್ದಾಳೆ ಎಂದಲ್ಲ. ಆದರೆ ಆ ಮಾತನ್ನು ಉಳಿಸಿಕೊಳ್ಳಬೇಕಾದವಳು ಅವಳಲ್ಲ. ‘ಅದನ್ನೇ ಒಂದು ಮೇಲ್‌ನಲ್ಲಿ ಬರೆದು ಕಳಿಸ್ತೀರಾ?’ ಎಂದು ಕೇಳಿದರೆ ಸಾಕು. ಮೇಲ್ ಬಾರದಿದ್ದರೆ ಉತ್ತರ ಸಿಕ್ಕಂತೆಯೇ.

ಬರಹದಲ್ಲಿ ಬೇಕು ಎಂಬುದಕ್ಕೆ ಇನ್ನೂ ದೊಡ್ಡ ಕಾರಣವಿದೆ. ನಮ್ಮ ದೇಶದ ಆಫರ್ ಲೆಟರ್‌ಗಳಲ್ಲಿ ‘ಕಂಪನಿ ನಿಮ್ಮನ್ನು ದೇಶದ ಯಾವುದೇ ಕಚೇರಿಗೆ ವರ್ಗಾಯಿಸಬಹುದು’ ಎಂಬ ಷರತ್ತು ಇಲ್ಲದೆ ಇರುವುದೇ ಅಪರೂಪ. ಕೋವಿಡ್ ಕಾಲದಲ್ಲಿ ಮನೆಯಿಂದ ಕೆಲಸ ಎಂದು ಊರಿಗೆ ಬಂದು ನೆಲೆಸಿದ ಅನೇಕರನ್ನು ಕಂಪನಿಗಳು ಮರಳಿ ಕರೆಸಿಕೊಂಡಾಗ ಅಡ್ಡ ಬಂದದ್ದು ಇದೇ. ಟಿಸಿಎಸ್ 2023ರ ಅಕ್ಟೋಬರ್‌ನಿಂದ ವಾರದ ಐದೂ ದಿನ ಆಫೀಸಿಗೆ ಬರಲು ಹೇಳಿತು. ಅಂಥ ಹೊತ್ತಿನಲ್ಲಿ ‘ಮ್ಯಾನೇಜರ್ ಒಪ್ಪಿದ್ದರು’ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಆ ಮ್ಯಾನೇಜರೇ ಕಂಪನಿ ಬಿಟ್ಟಿರುತ್ತಾನೆ.

ನಮ್ಮ ಎಂಜಿನಿಯರ್‌ಗೆ ಹತ್ತು ದಿನದ ಮೇಲೆ ಉತ್ತರ ಬಂತು ಎನ್ನೋಣ. ಮ್ಯಾನೇಜರ್ ಒಪ್ಪಿದ್ದಾನೆ, ಆದರೆ ಮೊದಲ ಮೂರು ತಿಂಗಳು ತಿಂಗಳಿಗೆ ಎರಡು ವಾರ ಪುಣೆಯಲ್ಲಿರಬೇಕು, ಆಮೇಲೆ ಒಂದು ವಾರ. ಪ್ರಯಾಣದ ಖರ್ಚಿನ ಮಾತೇ ಇಲ್ಲ. ಎರಡು ವಾರ ಒಟ್ಟಿಗೆ ಮನೆ ಬಿಡುವುದು ಅವಳಿಗೆ ಆಗದು, ನಡುವೆ ಒಂದು ವಾರ ಬಿಡುವು ಇದ್ದರೆ ಆದೀತು. ಅವಳು ಬರೆಯಬೇಕಾದ ಉತ್ತರ ಇಷ್ಟೇ: ಮೂರು ತಿಂಗಳಿಗೆ ಒಪ್ಪಿಗೆ, ವಾರ ಬಿಟ್ಟು ವಾರದಂತೆ. ಹುಬ್ಬಳ್ಳಿಯಿಂದ ಪುಣೆಗೆ ಹೋಗಿಬರುವ ಖರ್ಚು, ಅಲ್ಲಿ ಉಳಿಯುವ ಖರ್ಚು ಕಂಪನಿಯದು. ಆಫರ್ ಲೆಟರ್‌ನಲ್ಲಿ ಕೆಲಸದ ಸ್ಥಳ ‘ಹುಬ್ಬಳ್ಳಿ, ಮನೆಯಿಂದ’ ಎಂದೂ, ಲ್ಯಾಬಿಗೆ ಬರುವ ವಾರಗಳ ಲೆಕ್ಕವೂ ನಮೂದಾಗಬೇಕು. ವರ್ಗಾವಣೆಯ ಷರತ್ತು ತೆಗೆಯಲು ಎಚ್‌ಆರ್ ಒಪ್ಪದು, ಅದಕ್ಕೆ ‘ಮೊದಲ 24 ತಿಂಗಳು ಅನ್ವಯಿಸುವುದಿಲ್ಲ’ ಎಂಬ ಒಂದು ಸಾಲು ಸೇರಿಸಲು ಕೇಳಬಹುದು. ಅದಕ್ಕೂ ಒಪ್ಪದಿದ್ದರೆ ಕನಿಷ್ಠ 90 ದಿನದ ಮುನ್ಸೂಚನೆ ಎಂದಾದರೂ ಬರಲಿ. ಈಗಿನ ಕಂಪನಿಯಲ್ಲಿ ರಾಜೀನಾಮೆ ಕೊಡುವುದು ಆ ತಿದ್ದಿದ ಆಫರ್ ಲೆಟರ್ ಕೈಗೆ ಬಂದ ಮೇಲೆ.